‘ಫುಲ್ ಗ್ರೂಮಿಂಗ್’ ಅಂದ್ರ ಏನೇನ್ರಿ?

ಸಂಜೆ ಆರೂವರೆ. ಇಂಡಿಯಿಂದ ಕಾರು ಮಾಡಿಕೊಂಡು ಬಂದಿದ್ದ ತಾಯಿ ಮತ್ತು ಮಗಳು ನನ್ನ ಮುಂದೆ ಮೊಬೈಲ್ ಹಿಡಿದು ನಿಂತಿದ್ದರು. ಪರದೆಯ ಮೇಲಿದ್ದದ್ದು ನಾನೇ ಬರೆದ ಸಾಲುಗಳು.

‘ನಾಲ್ಕಕ್ಕ ಬರ್ರಿ ಅಂತ ನೀವ ಬರದೀರಿ. ನಾವು ನಾಲ್ಕಕ್ಕ ಹತ್ತು ನಿಮಿಷ ಇರೂಮುಂದನ ಬಂದೀವಿ. ಈಗ ಎಷ್ಟಾತು ನೋಡ್ರಿ. ಇನ್ನ ನಮ್ಮ ನಾಯಿ ಹಸೀನ ಐತಿ.’

ಅವರ ಪೊಮೆರೇನಿಯನ್ ಒಳಗೆ ಮೇಜಿನ ಮೇಲೆ ನೆನೆದ ಹತ್ತಿಯ ಉಂಡೆಯಂತೆ ನಿಂತಿತ್ತು. ಅಂಗಡಿ ಮುಚ್ಚುವುದು ಏಳಕ್ಕೆ. ಅವರು ರಾತ್ರಿ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ವಾಪಸ್ ಹೋಗಬೇಕು. ನನ್ನ ಹತ್ತಿರ ಉತ್ತರವಿರಲಿಲ್ಲ. ಏಕೆಂದರೆ ತಪ್ಪು ಗ್ರೂಮರ್‌ದಲ್ಲ, ನಾಯಿಯದ್ದಲ್ಲ. ತಪ್ಪು ಇದ್ದದ್ದು ಕ್ಯಾಪ್ಶನ್‌ನಲ್ಲಿ.

ನಾನು ಸಿಂದಗಿಯವನು. ಬಿ.ಕಾಂ. ಮುಗಿಸಿ ಒಂದೂವರೆ ವರ್ಷ ಅರ್ಜಿ ಹಾಕುತ್ತಾ ಕುಳಿತಿದ್ದವನಿಗೆ ವಿಜಯಪುರದ ಒಂದು ಪೆಟ್ ಸಲೂನ್‌ನಲ್ಲಿ ಕೆಲಸ ಸಿಕ್ಕಿತು. ಫೋನ್ ಎತ್ತುವುದು, ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವುದು, ವಾರಕ್ಕೆ ಎರಡು ರೀಲ್ ಹಾಕುವುದು. ಮೂರು ತಿಂಗಳು ನೋಡಿ ಕಾಯಂ ಮಾಡುತ್ತೇನೆ ಅಂತ ಮಾಲೀಕರು ಹೇಳಿದ್ದರು. ಅವರನ್ನು ನಾವೆಲ್ಲ ಅಕ್ಕಾರು ಅನ್ನುತ್ತೇವೆ. ಗ್ರೂಮಿಂಗ್ ಮಾಡುವವರೂ ಅವರೇ. ಜೊತೆಗೆ ಸ್ನಾನ ಮಾಡಿಸಲು ಒಬ್ಬ ಹುಡುಗ. ಒಂದು ಮೇಜು, ಒಂದು ಟಬ್, ಒಂದು ಡ್ರೈಯರ್. ಇಷ್ಟೇ ಅಂಗಡಿ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಕಡೆಯಿಂದಲೂ ಗಿರಾಕಿಗಳು ಬರುತ್ತಾರೆ.

ಆ ಶನಿವಾರದ ರೀಲ್‌ಗೆ ನಾನು ಬರೆದ ಕ್ಯಾಪ್ಶನ್ ಹೀಗಿತ್ತು:

‘ನಿಮ್ಮ ಮುದ್ದಿನ ನಾಯಿಗೆ ಸ್ಪಾ ಡೇ! ಫುಲ್ ಗ್ರೂಮಿಂಗ್ ಕೇವಲ ₹999. ಈ ಶನಿವಾರ, ಭಾನುವಾರದ ಸ್ಲಾಟ್: 10, 11, 12, 1, 3, 4, 5, 6. ಸ್ಲಾಟ್ ಕಡಿಮೆ ಇವೆ, ಬೇಗ ಬುಕ್ ಮಾಡಿ! ಲಿಂಕ್ ಕೆಳಗಿದೆ.’

ಬರೆದಾಗ ನನಗೆ ಬಹಳ ಚೆಂದ ಕಂಡಿತ್ತು. ಎಂಟು ಸ್ಲಾಟ್ ಎಲ್ಲಿಂದ ಬಂತು ಎಂದು ಕೇಳಿದರೆ ನಗುತ್ತೀರಿ. ನಮ್ಮೂರ ಕಟಿಂಗ್ ಅಂಗಡಿಯಲ್ಲಿ ಒಬ್ಬನಿಗೆ ಅರ್ಧ ತಾಸು ಹಿಡಿಯುತ್ತದೆ. ನಾಯಿಗೆ ಅದರ ಎರಡರಷ್ಟು ಇಟ್ಟರೆ ಆಯಿತು ಅಂತ ಲೆಕ್ಕ ಹಾಕಿದ್ದೆ!

ಒಂದು ದಿನ ಹೇಗೆ ಕೆಟ್ಟಿತು

ಎಂಟರಲ್ಲಿ ಐದು ಸ್ಲಾಟ್ ಮಾತ್ರ ಬುಕ್ ಆಗಿದ್ದವು. ಅಂದರೆ ಅಂಗಡಿ ತುಂಬಿರಲೇ ಇಲ್ಲ. ಆದರೂ ದಿನ ಕೆಟ್ಟಿತು.

ಹತ್ತಕ್ಕೆ ಒಂದು ಲ್ಯಾಬ್ರಡಾರ್. ಸ್ನಾನ ಬೇಗ ಮುಗಿಯಿತು. ಆದರೆ ಬೇಸಿಗೆಯಲ್ಲಿ ಉದುರುವ ಒಳಗೂದಲನ್ನು ಡ್ರೈಯರ್ ಗಾಳಿಯಿಂದ ಹೊರಗೆ ತೆಗೆಯುವಷ್ಟರಲ್ಲಿ 11:45. ಹನ್ನೊಂದಕ್ಕೆ ಬಂದಿದ್ದ ಶಿಹ್ ತ್ಸುವನ್ನು ಮೇಜಿಗೆ ಹತ್ತಿಸಿದಾಗ ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ ಕೂದಲು ಸಿಕ್ಕುಗಟ್ಟಿ ಚಕ್ಕೆಯಾಗಿತ್ತು. ಅದನ್ನು ಬಿಡಿಸಿ ಮುಗಿಸುವಾಗ 2:40. ಹನ್ನೆರಡಕ್ಕೆ ಬಂದ ಪಗ್ ಅಲ್ಲಿಯವರೆಗೂ ಕಾಯುತ್ತಾ ಏದುಸಿರು ಬಿಡುತ್ತಿತ್ತು. ಏಪ್ರಿಲ್ ತಿಂಗಳು, ಹೊರಗೆ ನಲವತ್ತು ಡಿಗ್ರಿ. ಅದರದ್ದು ಮುಗಿದಾಗ ಮುಕ್ಕಾಲು ನಾಲ್ಕು. ಮೂರಕ್ಕೆ ಬಂದಿದ್ದ ಗೋಲ್ಡನ್ ರಿಟ್ರೀವರ್ ಕೆಳಗಿಳಿದಾಗ 5:50. ಇಂಡಿಯ ಪೊಮೆರೇನಿಯನ್ ಸರದಿ ಬಂದದ್ದು ಆಗ. ಯಾರೂ ಊಟ ಮಾಡಿರಲಿಲ್ಲ.

‘ಹಂಗ ಒರಸಿ ಕೊಡ್ರಿ, ಮನೀಗೆ ಹೋಗಿ ಆರಿಸ್ಕೋತೀವಿ’ ಅಂದರು ಆ ತಾಯಿ. ಅಕ್ಕಾರು ಒಪ್ಪಲಿಲ್ಲ. ಪೊಮೆರೇನಿಯನ್‌ಗೆ ಎರಡು ಪದರದ ಕೂದಲು. ಮೇಲಿನದು ಉದ್ದ, ಒರಟು. ಒಳಗಿನದು ದಟ್ಟ, ಹತ್ತಿಯಂಥದ್ದು. ಮೇಲಿನದು ಒಣಗಿದಂತೆ ಕಂಡರೂ ಒಳಗೆ ನೀರು ಉಳಿದಿರುತ್ತದೆ. ಹಾಗೇ ಬಿಟ್ಟರೆ ಚರ್ಮ ಬೆಚ್ಚಗೆ, ತೇವವಾಗಿಯೇ ಇದ್ದು, ನಾಯಿ ಕೆರೆದುಕೊಂಡು, ನೆಕ್ಕಿಕೊಂಡು ಒಂದೆರಡು ದಿನದಲ್ಲಿ ಕೆಂಪು ಹುಣ್ಣಾಗಬಹುದು. ಅಕ್ಕಾರು 7:45ರವರೆಗೆ ಪೂರ್ತಿ ಒಣಗಿಸಿ, ಟ್ರಿಮ್ ಮಾಡದೆ, ದುಡ್ಡು ತಗೊಳ್ಳದೆ ಕಳುಹಿಸಿದರು.

ಅವರು ಹೋದ ಮೇಲೆ ನನಗೆ ಬೈಯುತ್ತಾರೆ ಅಂದುಕೊಂಡಿದ್ದೆ. ಅಕ್ಕಾರು ಒಂದು ನೋಟ್‌ಬುಕ್ ಕೊಟ್ಟರು.

‘ತಮ್ಮಾ, ಒಂದ ವಾರ ರೀಲ್ ಹಾಕಬ್ಯಾಡ. ಮೇಜಿನ ಬಾಜೂಕ ನಿಂದ್ರು. ಗಡಿಯಾರ ನೋಡಿ ಬರಿ.’

ವಿಡಿಯೋ ನುಂಗಿದ ಎರಡು ತಾಸು

ಆ ವಾರ ನನಗೆ ತಿಳಿದದ್ದು ಇದು. ಗ್ರೂಮಿಂಗ್ ರೀಲ್ ಅಂದರೆ ಮೂವತ್ತು ಸೆಕೆಂಡ್. ಮೊದಲು ಕೊಳಕು ನಾಯಿ, ನಡುವೆ ನೊರೆ, ಕೊನೆಗೆ ರಿಬ್ಬನ್ ಕಟ್ಟಿದ ನಾಯಿ. ನೋಡುವವರಿಗೆ ಎರಡು ತಾಸಿನ ಕೆಲಸ ಕಾಣುವುದೇ ಇಲ್ಲ. ವಿಡಿಯೋ ನುಂಗಿದ ಆ ಸಮಯವನ್ನು ವಾಪಸ್ ಕೊಡಬೇಕಾದದ್ದು ಕ್ಯಾಪ್ಶನ್. ನಾನು ಮಾಡಿದ್ದು ಉಲ್ಟಾ. ವಿಡಿಯೋದ ಸುಳ್ಳನ್ನೇ ಅಕ್ಷರದಲ್ಲಿ ಬರೆದಿದ್ದೆ.

ಸಿಕ್ಕಿಲ್ಲದ, ತಿಂಗಳಿಗೊಮ್ಮೆ ಬರುವ ಒಂದು ಶಿಹ್ ತ್ಸುವಿನ ಲೆಕ್ಕ ನನ್ನ ನೋಟ್‌ಬುಕ್‌ನಲ್ಲಿ ಹೀಗಿದೆ. ಮೈ, ಕಿವಿ, ಚರ್ಮ ನೋಡುವುದು 5 ನಿಮಿಷ. ಬಾಚುವುದು 10. ಉಗುರು, ಕಿವಿ 10. ಎರಡು ಸಲ ಶಾಂಪೂ, ಒಂದು ಸಲ ಕಂಡೀಷನರ್ ಹಾಕಿ ತೊಳೆಯುವುದು 20. ಟವೆಲ್, ಡ್ರೈಯರ್ 25. ಮಷೀನ್ ಮತ್ತು ಕತ್ತರಿ ಕೆಲಸ 35. ಒಟ್ಟು 105 ನಿಮಿಷ. ಅದರ ಮೇಲೆ ಮೇಜು, ಟಬ್, ಬ್ಲೇಡ್ ಎಲ್ಲವನ್ನೂ ಔಷಧಿ ಹಾಕಿ ಒರೆಸಲು 15. ಒಂದು ನಾಯಿಯ ಚರ್ಮರೋಗ ಇನ್ನೊಂದಕ್ಕೆ ಹತ್ತಬಾರದೆಂದರೆ ಈ ಹದಿನೈದು ನಿಮಿಷ ಬಿಡುವಂತಿಲ್ಲ. ಅಲ್ಲಿಗೆ ಸರಿಯಾಗಿ ಎರಡು ತಾಸು.

ನೋಡಿ, ಕಟಿಂಗ್ ಇದರಲ್ಲಿ ಮೂರನೇ ಒಂದು ಭಾಗವೂ ಇಲ್ಲ. ಜನ ಕಟಿಂಗ್‌ಗೆ ಬರುತ್ತಾರೆ, ಸಮಯ ಹೋಗುವುದು ಉಳಿದದ್ದಕ್ಕೆ. ಅದರಲ್ಲೂ ಒಣಗಿಸುವುದನ್ನು ಅವಸರ ಮಾಡುವಂತಿಲ್ಲ. ಅರೆ ಒಣಗಿದ ಕೂದಲು ಸುರುಳಿಯಾಗುತ್ತದೆ, ಮೇಲೆ ಮಷೀನ್ ಓಡಿಸಿದರೆ ಹೆಚ್ಚು ಕಡಿಮೆ ಕತ್ತರಿಸಿಹೋಗುತ್ತದೆ. ಒಣಗಿದೆಯೇ ಎಂದು ನೋಡುವ ಬಗೆಯನ್ನೂ ಅಕ್ಕಾರು ತೋರಿಸಿದರು. ಹೊಟ್ಟೆಯ ಕೆಳಗೆ, ಕಿವಿಯ ಹಿಂದೆ, ತೊಡೆಯ ಸಂದಿಯಲ್ಲಿ ಕೂದಲು ಸರಿಸಿ ಬುಡಕ್ಕೆ ಬೆರಳು ಇಡಬೇಕು. ತಣ್ಣಗೆ ಅನಿಸಿದರೆ ಇನ್ನೂ ನೀರಿದೆ. ಗಾಳಿ ಹಾಯಿಸಿದಾಗ ಕೂದಲು ಒಂದೊಂದಾಗಿ ಹಾರದೆ ಗೊಂಚಲು ಗೊಂಚಲಾಗಿ ಅಲುಗಾಡಿದರೂ ಅದೇ ಅರ್ಥ.

ಇನ್ನು ಎಲ್ಲ ನಾಯಿಗೂ ಎರಡು ತಾಸು ಬೇಕಿಲ್ಲ. ಆ ವಾರವೇ ಮುದ್ದೇಬಿಹಾಳದಿಂದ ಒಬ್ಬ ರೈತರು ತಮ್ಮ ಮುಧೋಳ ನಾಯಿಯನ್ನು ಕರೆತಂದರು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಮ್ಮ ಭಾಗದ ಬೇಟೆ ನಾಯಿ. ಅವರೂ ನನ್ನ ಕ್ಯಾಪ್ಶನ್ ಓದಿ ಫುಲ್ ಗ್ರೂಮಿಂಗ್ ಬುಕ್ ಮಾಡಿದ್ದರು.

‘ಇದಕ್ಕ ಏನ್ ಕತ್ತರಸ್ತೀರಿ ಅಕ್ಕಾರ?’ ಅಂತ ಅವರೇ ಕೇಳಿದರು.

‘ಏನೂ ಇಲ್ರಿ ಕಾಕಾ’ ಅಂದರು ಅಕ್ಕಾರು. ಮುಧೋಳಕ್ಕೆ ಮೈಗೆ ಅಂಟಿದಂಥ ಗಿಡ್ಡ ಕೂದಲು. ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ. ಬಿರುಸು ಬ್ರಷ್ ತಾಗಿದರೆ ಗೀರು ಬೀಳಬಹುದು. ಡ್ರೈಯರ್ ಸದ್ದಿಗೆ ಬೆದರುತ್ತದೆ. ಅದಕ್ಕೆ ಬೇಕಾದದ್ದು ಉಗುರು, ಕಿವಿ, ಉಗುರುಬೆಚ್ಚಗಿನ ನೀರಿನ ಸ್ನಾನ, ರಬ್ಬರ್ ಬ್ರಷ್, ಟವೆಲ್. ನಲವತ್ತೈದು ನಿಮಿಷದಲ್ಲಿ ಮುಗಿಯಿತು. ಅಕ್ಕಾರು ಅರ್ಧ ದುಡ್ಡು ವಾಪಸ್ ಕೊಟ್ಟರು. ಒಂದೇ ದರ, ಒಂದೇ ಸಮಯ ಅಂತ ಬರೆದರೆ ಉದ್ದ ಕೂದಲಿನವರಿಗೆ ಸಮಯ ಸಾಲುವುದಿಲ್ಲ, ಗಿಡ್ಡ ಕೂದಲಿನವರಿಗೆ ದುಡ್ಡು ದಂಡ.

ಎಂಟು ಹೋಗಿ ಐದಾಯಿತು

ಹಾಗಾಗಿ ಸ್ಲಾಟ್ ಲೆಕ್ಕವನ್ನು ಹೊಸದಾಗಿ ಹಾಕಿದೆವು. ಅಂಗಡಿ ಒಂದು ತಾಸು ಮೊದಲೇ, ಬೆಳಿಗ್ಗೆ 9ಕ್ಕೆ ತೆರೆಯುವುದು. 9ರಿಂದ 10 ಗಿಡ್ಡ ಕೂದಲಿನ ಒಂದು ನಾಯಿ. 10 ಮತ್ತು 12ಕ್ಕೆ ಉದ್ದ ಅಥವಾ ಎರಡು ಪದರದ ಕೂದಲಿನವು. 2ರಿಂದ 3 ಊಟ. ಮತ್ತೆ 3 ಮತ್ತು 5ಕ್ಕೆ ಎರಡು. ಏಳಕ್ಕೆ ಬಾಗಿಲು. ದಿನಕ್ಕೆ ಐದೇ ನಾಯಿ.

ಬರೆದಿಟ್ಟ ಸ್ಲಾಟ್ ಎಂಟರಿಂದ ಐದಕ್ಕೆ ಇಳಿದರೆ ಆದಾಯವೂ ಇಳಿಯುತ್ತದಲ್ಲ ಎಂದು ನಾನು ಕೇಳಿದೆ. ‘ಎಂಟು ನೀ ಬರದಿದ್ದಿ, ಮಾಡಿದ್ದು ಎಷ್ಟು?’ ಅಂದರು ಅಕ್ಕಾರು. ಆ ಶನಿವಾರ ಮಾಡಿದ್ದೂ ಐದೇ. ಅದರಲ್ಲಿ ಒಂದಕ್ಕೆ ದುಡ್ಡಿಲ್ಲ!

ಯಾವ ಸಮಯ ಯಾವ ನಾಯಿಗೆ ಎಂಬುದೂ ಮುಖ್ಯ ಅಂತ ಪಗ್ ಕಲಿಸಿತ್ತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಪಗ್, ಶಿಹ್ ತ್ಸು ಥರದ ಚಪ್ಪಟೆ ಮೂಗಿನ ನಾಯಿಗಳಿಗೆ ಆ ಉಸಿರಾಟವೇ ಕಷ್ಟ. ಅಂಥ ನಾಯಿಯನ್ನು ಏಪ್ರಿಲ್ ಮಧ್ಯಾಹ್ನ ಸಿಂದಗಿಯಿಂದ ಅರವತ್ತು ಕಿಲೋಮೀಟರ್ ಕರೆತಂದು, ಮೇಲೆ ಡ್ರೈಯರ್ ಬಿಸಿ ಗಾಳಿ ಹಾಯಿಸಿದರೆ ಪ್ರಾಣಕ್ಕೇ ಬರಬಹುದು. ನಾಲಿಗೆ ಗಾಢ ಕೆಂಪಾಗಿ, ಜೊಲ್ಲು ಅಂಟಂಟಾಗಿ, ನಿಲ್ಲಲು ಆಗದೆ ತೂರಾಡಿದರೆ ಕೆಲಸ ನಿಲ್ಲಿಸಿ, ಮೈ ತಂಪು ಮಾಡುತ್ತಾ ತಕ್ಷಣ ಪಶುವೈದ್ಯರ ಹತ್ತಿರ ಒಯ್ಯಬೇಕು. ಅದಕ್ಕೇ ಈಗ ಬೇಸಿಗೆಯಲ್ಲಿ ಚಪ್ಪಟೆ ಮೂಗಿನವಕ್ಕೆ ಬೆಳಗಿನ 9 ಮತ್ತು 10 ಮಾತ್ರ. 12 ಮತ್ತು 3 ಕೊಡುವುದಿಲ್ಲ. ಸಂಜೆ 5ರ ಸ್ಲಾಟ್ ಊರಿನವರಿಗೆ ಮಾತ್ರ. ಹೊರ ತಾಲ್ಲೂಕಿನವರು ಕತ್ತಲಾಗುವ ಮುಂಚೆ ಮನೆ ಸೇರುವಂತಿರಬೇಕು.

ಏನು ಸೇರಿದೆ, ಏನು ಸೇರಿಲ್ಲ

‘ಫುಲ್ ಗ್ರೂಮಿಂಗ್ ಅಂದ್ರ ಏನೇನ್ರಿ?’ ಫೋನ್‌ನಲ್ಲಿ ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಒಬ್ಬರು ಹಲ್ಲಿನ ಪಾಚಿ ತೆಗೆಯುತ್ತಾರೆ ಅಂದುಕೊಂಡಿದ್ದರು. ಇನ್ನೊಬ್ಬರು ಉಣ್ಣಿ ಪೂರ್ತಿ ಹೋಗುತ್ತವೆ ಅಂದುಕೊಂಡಿದ್ದರು. ಮತ್ತೊಬ್ಬರು ಬೇಸಿಗೆಗೆ ಬೋಳಿಸುತ್ತಾರೆ ಅಂತ. ‘ಫುಲ್’ ಎಂಬ ಪದದೊಳಗೆ ಪ್ರತಿಯೊಬ್ಬರೂ ತಮಗೆ ಬೇಕಾದ್ದನ್ನು ತುಂಬಿಕೊಳ್ಳುತ್ತಾರೆ. ಆದ್ದರಿಂದ ಆ ಪದವನ್ನು ತೆಗೆದು, ಮಾಡುವ ಕೆಲಸವನ್ನು ಮಾಡುವ ಕ್ರಮದಲ್ಲೇ ಬರೆಯಬೇಕು. ಮಾಡದ್ದನ್ನೂ ಬರೆಯಬೇಕು.

ಹಲ್ಲು: ನಾವು ಬ್ರಷ್ ಮಾಡುತ್ತೇವೆ ಅಷ್ಟೆ. ಹಲ್ಲಿಗೆ ಕಲ್ಲಿನಂತೆ ಅಂಟಿದ ಪಾಚಿಯನ್ನು ವಸಡಿನ ಒಳಗಿನಿಂದಲೂ ತೆಗೆಯಬೇಕು. ಅದು ಅರಿವಳಿಕೆ ಕೊಟ್ಟು ಪಶುವೈದ್ಯರು ಮಾಡುವ ಕೆಲಸ. ಕಿವಿ: ಹೊರಗೆ ಕಾಣುವಷ್ಟು ಒರೆಸುತ್ತೇವೆ. ವಾಸನೆ, ಕಪ್ಪು ಗಸಿ, ಪದೇ ಪದೇ ತಲೆ ಕೊಡವುವುದು ಇದ್ದರೆ ಮುಟ್ಟದೆ ವೈದ್ಯರಿಗೆ ಕಳುಹಿಸುತ್ತೇವೆ. ಉಗುರು: ತುದಿ ಮಾತ್ರ. ಉಗುರಿನ ಒಳಗೆ ರಕ್ತನಾಳವಿದೆ. ಬಿಳಿ ಉಗುರಿನಲ್ಲಿ ಅದು ನಸುಗೆಂಪಾಗಿ ಕಾಣುತ್ತದೆ, ಕರಿ ಉಗುರಿನಲ್ಲಿ ಕಾಣುವುದಿಲ್ಲ. ಹಾಗಾಗಿ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಹೋಗಿ, ಕತ್ತರಿಸಿದ ಮುಖದ ನಡುವೆ ಕಪ್ಪು ಚುಕ್ಕೆ ಕಂಡೊಡನೆ ನಿಲ್ಲಿಸಬೇಕು.

ಉಣ್ಣಿಯ ವಿಷಯ ಹಳ್ಳಿಯ ಗಿರಾಕಿಗಳಿಗೆ ಬಿಡಿಸಿ ಹೇಳಬೇಕಾಯಿತು. ಮೈಮೇಲೆ ಕಾಣುವ ಉಣ್ಣಿಯನ್ನು ಸ್ನಾನದ ಹೊತ್ತಿಗೆ ತೆಗೆಯುತ್ತೇವೆ. ಆದರೆ ಹೆಣ್ಣು ಉಣ್ಣಿ ರಕ್ತ ಕುಡಿದು ಕೆಳಗೆ ಬಿದ್ದು, ಮೊಟ್ಟೆ ಇಡುವುದು ಗೋಡೆಯ ಬಿರುಕಿನಲ್ಲಿ, ಕಟ್ಟುವ ಜಾಗದ ಸಂದಿಯಲ್ಲಿ. ಅಲ್ಲಿಂದ ಮರಿಗಳು ಮತ್ತೆ ನಾಯಿಯನ್ನು ಹತ್ತುತ್ತವೆ. ಹೀಗಾಗಿ ‘ಉಣ್ಣಿ ಪೂರ್ತಿ ಮಾಯ’ ಅಂತ ಬರೆದರೆ ಹದಿನೈದು ದಿನಕ್ಕೆ ಫೋನ್ ಬರುತ್ತದೆ. ನಾಯಿಗೆ ವೈದ್ಯರು ಕೊಡುವ ಔಷಧಿ, ಜೊತೆಗೆ ಮನೆಯ ಸ್ವಚ್ಛತೆ, ಎರಡೂ ಬೇಕು.

ಬೋಳಿಸುವ ವಿಷಯಕ್ಕೆ ಜಗಳವೇ ಆಗುತ್ತದೆ. ‘ನಮ್ಮೂರ ಬಿಸಲಾಗ ಇಷ್ಟು ಕೂದಲ ಇದ್ರ ಅದು ಬದುಕತೈತೇನ್ರಿ? ಬೋಳ್ಸಿ ಬಿಡ್ರಿ’ ಅನ್ನುತ್ತಾರೆ ಪೊಮೆರೇನಿಯನ್, ಲ್ಯಾಬ್ರಡಾರ್ ಸಾಕಿದವರು. ಆದರೆ ಅವುಗಳ ಮೇಲಿನ ಪದರ ಬಿಸಿಲಿಗೆ ಅಡ್ಡ ನಿಲ್ಲುವ ಕೊಡೆ ಇದ್ದಂತೆ. ಬುಡದವರೆಗೆ ಬೋಳಿಸಿದರೆ ಚರ್ಮ ನೇರ ಬಿಸಿಲಿಗೆ ಬೀಳುತ್ತದೆ. ಕೆಲವು ನಾಯಿಗಳಿಗೆ, ಅದರಲ್ಲೂ ಪೊಮೆರೇನಿಯನ್‌ಗೆ, ಕೂದಲು ತಿಂಗಳುಗಟ್ಟಲೆ ಬರುವುದಿಲ್ಲ, ಬಂದರೂ ತೇಪೆ ತೇಪೆಯಾಗಿ ಬರುತ್ತದೆ. ಬೇಕಾದದ್ದು ಸತ್ತ ಒಳಗೂದಲನ್ನು ಬಾಚಿ ತೆಗೆಯುವುದು. ಆಗ ಗಾಳಿ ಚರ್ಮದವರೆಗೆ ಹೋಗುತ್ತದೆ. ಶಿಹ್ ತ್ಸು, ಪೂಡಲ್‌ಗಳ ಕಥೆ ಬೇರೆ. ಅವುಗಳ ಕೂದಲು ನಮ್ಮ ತಲೆಗೂದಲಂತೆ ಬೆಳೆಯುತ್ತಲೇ ಇರುತ್ತದೆ, ಗಿಡ್ಡ ಮಾಡಬಹುದು.

ಕೊನೆಯದು, ಆ ಶನಿವಾರವನ್ನು ಕೆಡಿಸಿದ ಸಿಕ್ಕು. ಸಿಕ್ಕುಗಟ್ಟಿದ ನಾಯಿಗೆ ಮೊದಲು ನೀರು ಹಾಕಿದರೆ ಗಂಟು ಇನ್ನಷ್ಟು ಬಿಗಿಯುತ್ತದೆ. ಒಣಗಿದ ಮೇಲೆ ಕಂಬಳಿಯಂತೆ ಗಟ್ಟಿಯಾಗುತ್ತದೆ. ಹಾಗಾಗಿ ಬಿಡಿಸುವುದು ಸ್ನಾನಕ್ಕೆ ಮೊದಲೇ. ಮನೆಯಲ್ಲಿ ಕತ್ತರಿ ಹಾಕುವುದಂತೂ ಬೇಡ. ಗಂಟು ಚರ್ಮವನ್ನು ತನ್ನೊಳಗೆ ಎಳೆದುಕೊಂಡಿರುತ್ತದೆ. ಕೂದಲೆಂದು ಕತ್ತರಿಸಿದ್ದು ಚರ್ಮವಾಗಿರುತ್ತದೆ. ಬುಡದವರೆಗೆ ಚಕ್ಕೆಯಾಗಿದ್ದರೆ 10 ನಂಬರ್ ಬ್ಲೇಡ್‌ನಿಂದ ಅದರ ಅಡಿಯಲ್ಲೇ ನಿಧಾನ ಬೋಳಿಸುವುದೊಂದೇ ದಾರಿ. ಆಗ ಒಳಗೆ ಮುಚ್ಚಿಕೊಂಡಿದ್ದ ಕೆಂಪು, ಗಾಯ ಹೊರಗೆ ಕಾಣುತ್ತದೆ. ಮಾಲೀಕರು ‘ನೀವ ಮಾಡೀರಿ’ ಅನ್ನುತ್ತಾರೆ. ಅದಕ್ಕೇ ಮೊದಲೇ ಫೋಟೋ ತೆಗೆದು, ತೋರಿಸಿ, ಒಪ್ಪಿಗೆ ಪಡೆಯಬೇಕು.

ಗಿರಾಕಿ ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಸ್ಟೀಲ್ ಬಾಚಣಿಗೆಯನ್ನು ಬುಡದಲ್ಲಿ ಇಟ್ಟು ತುದಿಗೆ ಎಳೆಯಬೇಕು. ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳಪಟ್ಟಿಯ ಕೆಳಗೆ, ಬಾಲದ ಬುಡದಲ್ಲಿ. ನಿಂತರೆ ಅಲ್ಲಿ ಸಿಕ್ಕಿದೆ. ಮೇಲಿಂದ ಬ್ರಷ್ ಆಡಿಸಿದರೆ ನುಣ್ಣಗೆ ಕಾಣುತ್ತದೆ, ಮೋಸ ಹೋಗುತ್ತೀರಿ. ಈ ಒಂದು ಸಾಲು ಕ್ಯಾಪ್ಶನ್‌ನಲ್ಲಿ ಇದ್ದಿದ್ದರೆ ಅಂದಿನ ಶಿಹ್ ತ್ಸುಗೆ ಮೂರು ತಾಸು ಇಟ್ಟಿರುತ್ತಿದ್ದೆವು.

ರೀಲ್ ಉಳಿಯುತ್ತದೆ, ಶನಿವಾರ ಉಳಿಯುವುದಿಲ್ಲ

ಇನ್ನೊಂದು ತಪ್ಪು ಮೂರು ವಾರದ ನಂತರ ಗೊತ್ತಾಯಿತು. ‘ಈ ಶನಿವಾರ’ ಎಂದು ಬರೆದಿದ್ದ ಅದೇ ರೀಲ್ ಮತ್ತೆ ಓಡತೊಡಗಿತು. ಬಾಗೇವಾಡಿಯಿಂದ ಒಬ್ಬ ವಿದ್ಯಾರ್ಥಿ ಫೋನ್ ಮಾಡಿ ‘ನಾಳೆ ಆರರ ಸ್ಲಾಟ್ ಐತಲ್ರಿ?’ ಅಂದ. ರೀಲ್ ಇಂದು ಹಾಕಿದ್ದು ಇಂದೇ ಎಲ್ಲರಿಗೂ ಕಾಣುವುದಿಲ್ಲ. ವಾರಗಳ ನಂತರವೂ ಹೊಸಬರ ಮುಂದೆ ಬರುತ್ತದೆ. ‘ಈ ಶನಿವಾರ’ ಅಂದರೆ ಓದುವವನಿಗೆ ಅವನ ಶನಿವಾರ.

ಅದಕ್ಕೆ ಕೆಲಸವನ್ನು ಎರಡು ಮಾಡಿದೆವು. ಬದಲಾಗದ್ದು ರೀಲ್ ಕ್ಯಾಪ್ಶನ್‌ಗೆ: ಯಾವ ವಾರ, ಯಾವ ಹೊತ್ತು, ಎಷ್ಟು ತಾಸು. ದಿನಾ ಬದಲಾಗುವುದು ಸ್ಟೋರಿಗೆ: ನಾಳೆ ಯಾವುದು ಖಾಲಿ. ಸ್ಟೋರಿ 24 ತಾಸಿಗೆ ತಾನೇ ಮಾಯವಾಗುತ್ತದೆ, ಹಳೆಯ ಸ್ಲಾಟ್ ಯಾರನ್ನೂ ದಾರಿ ತಪ್ಪಿಸುವುದಿಲ್ಲ. ಹಾಕಿದ ಮೇಲೂ ಕ್ಯಾಪ್ಶನ್ ತಿದ್ದಬಹುದು. ವಿಡಿಯೋ ತಿದ್ದಲು ಬರುವುದಿಲ್ಲ. ಆದ್ದರಿಂದ ಸಮಯ, ದರಗಳನ್ನು ವಿಡಿಯೋ ಮೇಲೆ ಬರೆಯುವುದನ್ನು ಬಿಟ್ಟೆ.

ಇನ್ಸ್ಟಾಗ್ರಾಂ ಕ್ಯಾಪ್ಶನ್‌ಗೆ 2,200 ಅಕ್ಷರದವರೆಗೆ ಜಾಗವಿದೆ. ಆದರೆ ಬೆರಳು ಒತ್ತದೆ ಕಾಣುವುದು ಮೊದಲ ಒಂದೆರಡು ಸಾಲು. ನನ್ನ ಮೊದಲ ಸಾಲು ‘ಮುದ್ದಿನ ನಾಯಿಗೆ ಸ್ಪಾ ಡೇ’. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಈಗ ಮೊದಲ ಸಾಲಿನಲ್ಲೇ ನಾಯಿ, ತಾಸು, ಸ್ಲಾಟ್. ‘ಲಿಂಕ್ ಕೆಳಗಿದೆ’ ಎಂದೂ ಬರೆದಿದ್ದೆ. ಕ್ಯಾಪ್ಶನ್‌ನಲ್ಲಿ ಬರೆದ ಲಿಂಕ್ ಒತ್ತಿದರೆ ತೆರೆಯುವುದೇ ಇಲ್ಲ. ಅದನ್ನು ಪ್ರೊಫೈಲ್‌ನಲ್ಲಿ ಇಡಬೇಕು.

ಅಕ್ಕಾರು ಓದಿ, ಎರಡು ಸಲ ಹೊಡೆದುಹಾಕಿ, ಮೂರನೇ ಸಲ ಒಪ್ಪಿದ ಕ್ಯಾಪ್ಶನ್ ಇದು:

‘ಉದ್ದ ಕೂದಲಿನ ನಾಯಿ: 2 ತಾಸು. ಸ್ಲಾಟ್ 10, 12, 3, 5. ಗಿಡ್ಡ ಕೂದಲಿನ ನಾಯಿ: 1 ತಾಸು, ಬೆಳಿಗ್ಗೆ 9. ಸೋಮವಾರ ರಜೆ.

ಮಾಡುವುದು: ಮೈ ಪರೀಕ್ಷೆ, ಬಾಚುವುದು, ಉಗುರಿನ ತುದಿ, ಹೊರಕಿವಿ, ಎರಡು ಶಾಂಪೂ ಸ್ನಾನ, ಪೂರ್ತಿ ಒಣಗಿಸುವುದು, ಪಾದದಡಿಯ ಕೂದಲು, ಹಲ್ಲು ಬ್ರಷ್. ಶಿಹ್ ತ್ಸು, ಪೂಡಲ್‌ಗೆ ಕಟಿಂಗ್ ಸೇರಿದೆ.

ಮಾಡದ್ದು: ಹಲ್ಲಿನ ಪಾಚಿ, ಕಿವಿ ಸೋಂಕು, ಉಣ್ಣಿ ಔಷಧಿ. ಇವು ವೈದ್ಯರ ಕೆಲಸ. ಪೊಮೆರೇನಿಯನ್, ಲ್ಯಾಬ್ರಡಾರ್ ಬೋಳಿಸುವುದಿಲ್ಲ.

ಬುಕ್ ಮಾಡುವ ಮುಂಚೆ: ಕಿವಿಯ ಹಿಂದೆ ಬಾಚಣಿಗೆ ಬುಡದಿಂದ ಎಳೆದು ನೋಡಿ. ನಿಂತರೆ ಫೋಟೋ ಕಳಿಸಿ. 1 ತಾಸು ಹೆಚ್ಚು ಬೇಕು, ದರ ಮೊದಲೇ ಹೇಳುತ್ತೇವೆ.

ಬೇಸಿಗೆಯಲ್ಲಿ ಪಗ್, ಶಿಹ್ ತ್ಸುಗೆ 9 ಮತ್ತು 10 ಮಾತ್ರ. ಹೊರ ಊರಿನವರಿಗೆ 5 ಕೊಡುವುದಿಲ್ಲ. ರೇಬೀಸ್ ಲಸಿಕೆ ಕಾರ್ಡ್ ತನ್ನಿ. ನಾಳೆ ಯಾವುದು ಖಾಲಿ ಎಂದು ಸ್ಟೋರಿಯಲ್ಲಿ ನೋಡಿ.’

ಸ್ಪಾ ಇಲ್ಲ, ಬೇಗ ಬುಕ್ ಮಾಡಿ ಇಲ್ಲ. ಹಳೆಯದಕ್ಕಿಂತ ಇದಕ್ಕೆ ಹೆಚ್ಚು ಲೈಕ್ ಬಂತು ಅಂತ ಹೇಳುವುದಿಲ್ಲ, ಬರಲಿಲ್ಲ. ಬದಲಾದದ್ದು ಫೋನ್. ಮೊದಲು ‘ಎಷ್ಟ್ರಿ?’ ಅಂತ ಕೇಳಿ ಇಡುತ್ತಿದ್ದರು. ಈಗ ‘ನಮ್ಮದು ಲ್ಹಾಸಾ, ಎಡಗಿವಿ ಹಿಂದ ಹಣಿಗಿ ನಿಂದರತೈತಿ, ಫೋಟೋ ಕಳಸೀನಿ’ ಅನ್ನುತ್ತಾರೆ. ಫೋನ್ ಇಡುವಷ್ಟರಲ್ಲಿ ಆ ನಾಯಿಗೆ ಎಷ್ಟು ತಾಸು ಬೇಕೆಂದು ನನಗೆ ಗೊತ್ತಿರುತ್ತದೆ.

ಮೂರು ತಿಂಗಳು ಮುಗಿದ ಮೇಲೆ ಅಕ್ಕಾರು ಕಾಯಂ ಮಾಡಿದರು. ಅದಕ್ಕಿಂತ ಒಂದು ವಾರ ಮೊದಲು ನಾನೇ ಇಂಡಿಗೆ ಫೋನ್ ಮಾಡಿ, ‘ಹತ್ತರ ಸ್ಲಾಟ್ ಖಾಲಿ ಐತ್ರಿ, ಹನ್ನೆರಡಕ್ಕ ಕೈಯಾಗ ಕೊಡ್ತೀವ್ರಿ’ ಅಂದಿದ್ದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬರುತ್ತೇವೆ ಅಂದರು. ಬಂದರು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗಲೇ ಅವರ ಪೊಮೆರೇನಿಯನ್ ಒಣ ಹತ್ತಿಯಂತೆ ಅರಳಿ ಮೇಜಿನಿಂದ ಇಳಿಯಿತು. ಅವರು ಕಿವಿಯ ಹಿಂದೆ ಕೂದಲು ಸರಿಸಿ, ಬುಡಕ್ಕೆ ಬೆರಳು ಇಟ್ಟು ನೋಡಿದರು.

‘ಆರೈತಿ’ ಅಂದರು.